ಕಾಲೇಜಿಗೆ ಕೊಡುವ ಪರಿಚಯದಲ್ಲಿ ಪಾಠ, ಸಂಶೋಧನೆ, ಮಕ್ಕಳ ಪ್ರಾಜೆಕ್ಟ್ ಬಗ್ಗೆ ಏನು ಬರೆಯೋದು?

ಬದಿಯಡ್ಕ_ಕನ್ನಡ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಕನ್ನಡ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಪ್ರತಿ ಅಧ್ಯಾಪಕರೂ ತಮ್ಮ ಪರಿಚಯ ಬರೆದು ಕೊಡಬೇಕು ಅಂತ ಕಾಲೇಜಿನವರು ಹೇಳಿದ್ದಾರೆ. ಯಾವ ವಿಷಯ ಪಾಠ ಮಾಡ್ತೀರಿ, ಸಂಶೋಧನೆ ಏನು, ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಏನು, ಈ ಮೂರು ಇರಬೇಕಂತೆ. ಈಗ ಇರೋದು ಇಷ್ಟು:

"ಇವರು ಕನ್ನಡ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸುತ್ತಿದ್ದು, ಹಳಗನ್ನಡ, ಆಧುನಿಕ ಸಾಹಿತ್ಯ, ಭಾಷಾವಿಜ್ಞಾನ, ಜಾನಪದ, ಶಾಸನ, ಅನುವಾದ ಮುಂತಾದ ಕ್ಷೇತ್ರಗಳಲ್ಲಿ ವಿಶೇಷ ಆಸಕ್ತಿ ಹೊಂದಿರುತ್ತಾರೆ. ಅನೇಕ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿದ್ದು, ಹಲವು ವಿದ್ಯಾರ್ಥಿಗಳಿಗೆ ಸಂಶೋಧನಾ ಮಾರ್ಗದರ್ಶನ ನೀಡಿರುತ್ತಾರೆ."

ಇದು ವಿಭಾಗದಲ್ಲಿ ಮೊದಲಿಂದ ಬಂದ ಮಾದರಿ. ಹೆಸರು ತೆಗೆದರೆ ಯಾವ ಮೇಷ್ಟ್ರದ್ದೂ ಆಗಬಹುದು ಅಲ್ವಾ? ನನ್ನ ಪಿಎಚ್‌ಡಿ ಹಳೆ ಗೇಣಿ ಪತ್ರಗಳ ಕನ್ನಡದ ಮೇಲೆ. ಜರ್ನಲ್‌ನಲ್ಲಿ ಎರಡು ಲೇಖನ ಬಂದಿವೆ, ಒಂದು ಸಂಪಾದಿತ ಪುಸ್ತಕದಲ್ಲಿ ಬಂದಿದೆ. ಕೊನೆ ಸೆಮಿಸ್ಟರಿನ ಬಿಎ ಮಕ್ಕಳ ಪ್ರಾಜೆಕ್ಟ್ ನೋಡ್ಕೊಳ್ತೇನೆ. ಇದನ್ನು ಹೇಗೆ ಬರೆಯೋದು ಹೇಳಿ.

ಉಪ್ಪಳದವ

ಟೀಚರೇ, ಪಿಎಚ್‌ಡಿ ಆಗಿದೆಯಲ್ಲ, ಹಾಗಾದರೆ ಧೈರ್ಯವಾಗಿ "ಸಂಶೋಧನಾ ಮಾರ್ಗದರ್ಶಕರು" ಅಂತ ಹಾಕಿ. ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಜನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತಗೊಳ್ಳಬಹುದು, ಯುಜಿಸಿ ನಿಯಮದಲ್ಲೇ ಇದೆ. ಲೇಖನವೂ ಮೂರು ಇದೆ, ಅಷ್ಟು ಸಾಕು. ನಾನೇ ಈಗ ಸಂಶೋಧನೆ ಮಾಡ್ತಾ ಇದ್ದೇನೆ, ಹಾಗಾಗಿ ಗೊತ್ತು.

ಗೆಸ್ಟ್_ಲೆಕ್ಚರರ್_ಕನ್ನಡ

ಹುದ್ದೆ ಖಾಲಿ ಇದೆಯಾ ಮೇಡಂ? ನನ್ನದು ಎಂಎ ಕನ್ನಡ, ನೆಟ್ ಆಗಿದೆ. ಕೋಝಿಕ್ಕೋಡ್ ಡೆಪ್ಯುಟಿ ಡೈರೆಕ್ಟರ್ ಆಫೀಸಿನ ಗೆಸ್ಟ್ ಪ್ಯಾನೆಲ್‌ನಲ್ಲಿ ಹೆಸರು ಇದೆ. ಪರಿಚಯ ಎಲ್ಲಿಗೆ ಕಳಿಸಬೇಕು?

ಬದಿಯಡ್ಕ_ಕನ್ನಡ

ಇಲ್ಲ, ಇದು ಹುದ್ದೆಯ ಪ್ರಕಟಣೆ ಅಲ್ಲ. ನನ್ನ ಪರಿಚಯವನ್ನು ನಾನೇ ಬರೆಯೋ ವಿಷಯ. ಜೂನ್ ಹತ್ತಿರ ಬಂದಾಗ ಆಯಾ ಕಾಲೇಜಿನವರು ಇಂಟರ್‌ವ್ಯೂ ದಿನ ಪತ್ರಿಕೆಯಲ್ಲಿ ಹಾಕ್ತಾರೆ, ನೋಡ್ತಾ ಇರಿ.

ಮಂಜೇಶ್ವರ_ನಿವೃತ್ತ

ನಾನು ವಿಭಾಗ ಮುಖ್ಯಸ್ಥನಾಗಿದ್ದವ. ಇಂಥ ಪರಿಚಯ ತುಂಬ ಓದಿದ್ದೇನೆ, ತಿದ್ದಿಯೂ ಇದ್ದೇನೆ. ಮೊದಲು ಉಪ್ಪಳದವರು ಹೇಳಿದ್ದನ್ನು ಸರಿ ಮಾಡೋಣ. ಈ ಒಂದು ಪದ ಆಮೇಲೆ ತೊಂದರೆ ಕೊಡುತ್ತೆ.

4 ಜನ ಅನ್ನೋ ಮಿತಿ ಸರಿ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ಆದರೆ ಅದು ಗೈಡ್ ಅಂತ ಮಾನ್ಯತೆ ಸಿಕ್ಕ ಮೇಲಿನ ಮಾತು. 2022ರ ಯುಜಿಸಿ ಪಿಎಚ್‌ಡಿ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಖಾಯಂ ಹುದ್ದೆಯಲ್ಲಿರಬೇಕು, ಪಿಎಚ್‌ಡಿ ಆಗಿರಬೇಕು, ತಜ್ಞರು ಪರಿಶೀಲಿಸುವ ಜರ್ನಲ್‌ಗಳಲ್ಲಿ ಕನಿಷ್ಠ 3 ಲೇಖನ ಬಂದಿರಬೇಕು. ಸಂಪಾದಿತ ಪುಸ್ತಕದ ಅಧ್ಯಾಯ ಜರ್ನಲ್ ಲೇಖನ ಅಲ್ಲ. ಪುಸ್ತಕಕ್ಕೆ ಐಎಸ್‌ಬಿಎನ್ ಇರುತ್ತೆ, ಜರ್ನಲ್‌ಗೆ ಐಎಸ್‌ಎಸ್‌ಎನ್. ಮುಖಪುಟದಲ್ಲಿ ಏನೋ ಒಂದು ನಂಬರ್ ಇದೆ ಅಂತ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸೋದು ನಮ್ಮಲ್ಲಿ ಮಾಮೂಲು. ಹಾಗಾಗಿ ಟೀಚರ್‌ದು ಈಗ ಎರಡೇ.

ಮೂರನೆಯದು ಬಂದರೂ ತಾನಾಗಿ ಗೈಡ್ ಆಗಲ್ಲ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು, ಅವರ ಆದೇಶ ಬರಬೇಕು. ನಿಯಮದಲ್ಲಿರೋದು ವಿಶ್ವವಿದ್ಯಾಲಯ ಇಲ್ಲವೇ ಅದಕ್ಕೆ ಸೇರಿದ ಸ್ನಾತಕೋತ್ತರ ಕಾಲೇಜು. ಬರೀ ಡಿಗ್ರಿ ಇರುವ ಸಣ್ಣ ಕಾಲೇಜಾದರೆ ಅಲ್ಲೇ ಪ್ರಶ್ನೆ ಏಳುತ್ತೆ. ಆದ್ದರಿಂದ "ಸಂಶೋಧನಾ ಮಾರ್ಗದರ್ಶನ" ತೆಗೆಯಿರಿ, "ಬಿಎ ಪ್ರಾಜೆಕ್ಟ್ ಮಾರ್ಗದರ್ಶನ" ಅಂತ ಹಾಕಿ. ಅದು ಸಣ್ಣ ಕೆಲಸ ಅಲ್ಲ. ಮಾಡಿದ್ದನ್ನು ಅದರ ಹೆಸರಿನಲ್ಲೇ ಹೇಳಿದರೆ ನಾಳೆ ಯಾರು ಕಡತ ತೆಗೆದು ನೋಡಿದರೂ ಹೊಂದುತ್ತೆ.

ಉಪ್ಪಳದವ

ಪುಸ್ತಕದ ಅಧ್ಯಾಯ ಲೆಕ್ಕಕ್ಕಿಲ್ಲ ಅನ್ನೋದನ್ನು ಒಪ್ಪೋದು ಕಷ್ಟ ಸರ್. ಬಡ್ತಿಯ ಅಂಕಗಳಲ್ಲಿ ಅಧ್ಯಾಯಕ್ಕೂ ಪಾಯಿಂಟ್ ಕೊಡ್ತಾರಲ್ಲ?

ಮಂಜೇಶ್ವರ_ನಿವೃತ್ತ

ಕೊಡ್ತಾರೆ. ಬಡ್ತಿಯ ಲೆಕ್ಕ ಬೇರೆ, ಗೈಡ್ ಮಾನ್ಯತೆಯ ಲೆಕ್ಕ ಬೇರೆ. ನೀವು ಹೇಳಿದ್ದು ಮೊದಲನೆಯದಕ್ಕೆ ಸರಿ. ಪರಿಚಯದಲ್ಲಿ ಅಧ್ಯಾಯವನ್ನು ಬಿಡಿ ಅಂತ ನಾನು ಹೇಳ್ತಾ ಇಲ್ಲ, "ಜರ್ನಲ್ ಲೇಖನ 2, ಪುಸ್ತಕದ ಅಧ್ಯಾಯ 1" ಅಂತ ಬೇರೆ ಬೇರೆ ಬರೆಯಿರಿ. ಇನ್ನೊಂದು ಮಾತು, "ಯುಜಿಸಿ ಕೇರ್ ಪಟ್ಟಿಯ ಜರ್ನಲ್" ಅಂತ ಹಾಕೋದಾದರೆ ಲೇಖನ ಬಂದ ವರ್ಷವನ್ನೂ ಹಾಕಿ. ಆ ಪಟ್ಟಿಯನ್ನು ನಿಲ್ಲಿಸಿದ್ದನ್ನು ಯುಜಿಸಿ 2025ರಲ್ಲಿ ತಿಳಿಸಿತು. ಲೇಖನ ಬಂದಾಗ ಪಟ್ಟಿ ಇತ್ತಾ ಅನ್ನೋದು ವರ್ಷ ನೋಡಿದರೆ ಮಾತ್ರ ಗೊತ್ತಾಗುತ್ತೆ.

ಕುಂಬಳೆಯ_ಅಮ್ಮ

ನಾನು ಅಧ್ಯಾಪಕಿ ಅಲ್ಲ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು ಮುಗಿಸ್ತಾಳೆ. ಯಾವ ಕಾಲೇಜು ಅಂತ ನೋಡುವಾಗ ಇಂಥ ಪರಿಚಯಗಳನ್ನು ನಾವು ನಿಜವಾಗಿ ಓದಿದ್ದೇವೆ. "ವಿಶೇಷ ಆಸಕ್ತಿ ಹೊಂದಿರುತ್ತಾರೆ" ಅಂತ ಓದಿ ನಮಗೆ ಏನೂ ಗೊತ್ತಾಗಲಿಲ್ಲ. ನಮಗೆ ಬೇಕಾಗಿದ್ದು ಇಷ್ಟೇ: ಅವಳು ಬಿಕಾಂ ತಗೊಂಡರೂ ಕನ್ನಡ ಕಲಿಯಬಹುದಾ? ಕಲಿಸೋದು ಯಾರು? ಮಲಯಾಳ ಸರಿಯಾಗಿ ಬರದ ಮಕ್ಕಳು ಏನಾದರೂ ಕೇಳಬೇಕಾದರೆ ಯಾವ ಹೊತ್ತಿಗೆ ಸಿಗ್ತಾರೆ? ಅದನ್ನು ಯಾರೂ ಬರೆಯೋದೇ ಇಲ್ಲ.

ಬದಿಯಡ್ಕ_ಕನ್ನಡ

ಅಕ್ಕ, ಇದು ನಿಜವಾಗಿ ಉಪಯೋಗದ ಮಾತು. ಬಿಕಾಂ, ಬಿಎಸ್ಸಿ ಮಕ್ಕಳಿಗೆ ಭಾಷಾ ಕೋರ್ಸಾಗಿ ಕನ್ನಡ ಇದೆ, ಅದರ ತರಗತಿಗಳಲ್ಲಿ ಜಾಸ್ತಿ ನನ್ನ ಪಾಲಿಗೇ ಬರುತ್ತವೆ. ಹಳೆ ಮಾದರಿಯಲ್ಲಿ ಅದು ಒಂದು ಪದಕ್ಕೂ ಇಲ್ಲ, ಯಾಕೆಂದರೆ ಮೇಜರ್ ತರಗತಿಯನ್ನೇ ದೊಡ್ಡದು ಅಂತ ನೋಡೋ ಅಭ್ಯಾಸ. ವಾರದಲ್ಲಿ ಸಿಗುವ ಹೊತ್ತನ್ನೂ ಹಾಕ್ತೇನೆ.

ಮಂಜೇಶ್ವರ_ನಿವೃತ್ತ

ಅಮ್ಮ ಹೇಳಿದ್ದು ಸರಿ. "ಕ್ಷೇತ್ರ" ಬೇಡ, ಪಾಠ ಮಾಡಿದ ಕೋರ್ಸ್ ಬರೆಯಿರಿ. ಹಳಗನ್ನಡ ಕಾವ್ಯ ಪಾಠ ಮಾಡಿದ್ದರೆ ಯಾರಿಗೆ, ಎಷ್ಟನೇ ಸೆಮಿಸ್ಟರಿಗೆ. ಶಾಸನ ಪಾಠ ಮಾಡೇ ಇಲ್ಲ ಅಂದರೆ ಅದನ್ನು ಸುಮ್ನೆ ಸೇರಿಸಬೇಡಿ. ಕೇರಳದಲ್ಲಿ 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ಕೋರ್ಸಿನ ಹೆಸರು, ಕೋಡ್ ಎಲ್ಲ ಬದಲಾಯಿತು. ಆದ್ದರಿಂದ "ಹಳೆ ಪಠ್ಯಕ್ರಮದಲ್ಲಿ ಇಂಥದ್ದು, ಹೊಸದರಲ್ಲಿ ಇಂಥದ್ದು" ಅಂತ ಎರಡು ಸಾಲು ಮಾಡಿ. ಇಲ್ಲದಿದ್ದರೆ ಹೊಸ ಮಕ್ಕಳು ಈಗ ಇಲ್ಲದ ಕೋರ್ಸಿನ ಹೆಸರು ಹುಡುಕ್ತಾ ಕೂರ್ತಾರೆ.

ಈಗ ಸಂಶೋಧನೆ. ಗೇಣಿ ಪತ್ರ ಅಂದಿರಲ್ಲ, ಅದರಲ್ಲಿ ನೀವು ಕೇಳಿದ ಪ್ರಶ್ನೆ ಏನು? ವಿಷಯದ ಹೆಸರು ಬೇಡ, ಪ್ರಶ್ನೆ ಹೇಳಿ.

ಬದಿಯಡ್ಕ_ಕನ್ನಡ

ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ಆಗಿನ ಜಮೀನು ಪತ್ರಗಳು ಇಲ್ಲಿ ಕನ್ನಡದಲ್ಲೇ ಇವೆ. ಜಮೀನಿನ ಒಡೆಯನಾದ ವರ್ಗದಾರ, ಮೂಲಗೇಣಿ, ಚಾಲಗೇಣಿ, ಕುಮ್ಕಿ, ಎಷ್ಟು ಮುಡಿ ಅಕ್ಕಿ ಗೇಣಿ, ಎಲ್ಲ ಅದರಲ್ಲಿ ಬರುತ್ತೆ. ಮೂಲಗೇಣಿ ಅಂದರೆ ಒಕ್ಕಲು ಖಾಯಂ, ಗೇಣಿಯೂ ಏರುವುದಿಲ್ಲ. ಚಾಲಗೇಣಿಯಲ್ಲಿ ಆ ಭದ್ರತೆ ಇಲ್ಲ, ಒಡೆಯ ಬಿಡಿಸಬಹುದು. ಎರಡೂ ಪತ್ರಗಳ ಮೊದಲ ಸಾಲುಗಳು ನೋಡೋಕೆ ಒಂದೇ ಥರ. ವ್ಯತ್ಯಾಸ ಇರೋದು ಕೊನೆಯ ಕಡೆ, ಷರತ್ತಿನ ಸಾಲುಗಳ ಕ್ರಿಯಾಪದದಲ್ಲಿ. ಯಾರು ಬಿಟ್ಟು ಕೊಡಬೇಕು, ಯಾವಾಗ, ಯಾರು ಕೇಳಿದರೆ ಅನ್ನೋದು ಅಲ್ಲಿ ತೆರೆದುಕೊಳ್ಳುತ್ತೆ. ನನ್ನ ಪ್ರಶ್ನೆ ಇದು: ಒಕ್ಕಲಿನ ಹಕ್ಕನ್ನು ಆ ಪತ್ರಗಳ ವಾಕ್ಯ ಹೇಗೆ ಕಟ್ಟುತ್ತೆ, ಮಾತಿನಲ್ಲಿ ತುಳುವೋ ಮಲಯಾಳವೋ ಇದ್ದ ಒಕ್ಕಲಿಗೆ ಆ ಕನ್ನಡ ಎಷ್ಟು ತಲುಪುತ್ತಿತ್ತು?

1970ರ ಜನವರಿ 1ರಿಂದ ಕೇರಳದ ಭೂ ಸುಧಾರಣೆ ಜಾರಿಯಾಗಿ ಗೇಣಿಯೇ ಹೋಯಿತು, ಹಾಗಾಗಿ ಮನೆಯವರಿಗೆ ಈಗ ಇದು ಪೆಟ್ಟಿಗೆಯಲ್ಲಿರೋ ಹಳೆ ಕಾಗದ. ಓದಲು ಬರುವವರೂ ಕಮ್ಮಿ ಆಗ್ತಾ ಇದ್ದಾರೆ.

ಮಂಜೇಶ್ವರ_ನಿವೃತ್ತ

ನೋಡಿ, ಇಷ್ಟು ಇಟ್ಟುಕೊಂಡು "ಭಾಷಾವಿಜ್ಞಾನದಲ್ಲಿ ವಿಶೇಷ ಆಸಕ್ತಿ" ಅಂತ ಬರೆದು ಬಿಟ್ಟರೆ ಹೇಗೆ! "ಕಾಸರಗೋಡು ತಾಲೂಕಿನ ಹಳೆ ಗೇಣಿ ಪತ್ರಗಳ ಕನ್ನಡ ಒಕ್ಕಲಿನ ಹಕ್ಕನ್ನು ಹೇಗೆ ಹೇಳುತ್ತೆ" ಅನ್ನೋ ಒಂದು ವಾಕ್ಯ ಸಾಕು. ಇತಿಹಾಸದವನು ಓದಿದರೂ, ಕಾನೂನಿನವನು ಓದಿದರೂ, ಮನೆಯಲ್ಲಿ ಅಂಥ ಕಾಗದ ಇಟ್ಟುಕೊಂಡವನು ಓದಿದರೂ ನಿಮ್ಮ ಹತ್ತಿರ ಬರ್ತಾನೆ.

ಅಕ್ಕಲಕೋಟೆ_ಓದುಗ

ನಮ್ಮ ಕಡೆದ್ದೂ ಹೇಳ್ತೀನಿ. ಸೊಲ್ಲಾಪುರ ಜಿಲ್ಲೆಯಲ್ಲಿ ಕನ್ನಡ ಕಲಿಸೋ ಅಧ್ಯಾಪಕರ ಪರಿಚಯ ಮರಾಠಿಯಲ್ಲಿ ಇಲ್ಲಾ ಇಂಗ್ಲಿಷಿನಲ್ಲಿ ಇರುತ್ತೆ. ಕನ್ನಡದಲ್ಲಿ ಬರೆದ ಲೇಖನದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹಾಕಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಆಮೇಲೆ ಹುಡುಕಿದರೆ ಸಿಗಲ್ಲ. ನನ್ನ ಹೆಸರೇ ಎರಡು ಕಡೆ ಎರಡು ಥರ ಇದೆ, ಒಂದರಲ್ಲಿ ಊರಿನ ಹೆಸರು ಸೇರಿದೆ, ಒಂದರಲ್ಲಿ ಅಪ್ಪನ ಹೆಸರು. ನಿಮ್ಮಲ್ಲಿ ಹೇಗೆ?

ಬದಿಯಡ್ಕ_ಕನ್ನಡ

ಇಲ್ಲಿ ಇನಿಶಿಯಲ್ ಸಮಸ್ಯೆ. ಕೇರಳದ ಸರ್ಟಿಫಿಕೇಟಿನಲ್ಲಿ ಇನಿಶಿಯಲ್ ಹೆಸರಿನ ಕೊನೆಗೆ ಬಂದಿದೆ. ಮಂಗಳೂರು, ಮೈಸೂರಿನ ಜರ್ನಲ್‌ನವರು ಅದನ್ನು ಮುಂದಕ್ಕೆ ತಂದು ಅಚ್ಚು ಹಾಕಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೇಖನ ನನ್ನ ಪ್ರೊಫೈಲಿಗೆ ಬಂದೇ ಇಲ್ಲ.

ಮಂಜೇಶ್ವರ_ನಿವೃತ್ತ

ಅದಕ್ಕೆ ದಾರಿ ಇದೆ. ORCID ಖಾತೆ ಮಾಡಿ, 16 ಅಕ್ಷರದ ಗುರುತು ಕೊಡ್ತಾರೆ, ಅದು ಕೊನೆಯವರೆಗೂ ಒಂದೇ. ಅದರಲ್ಲಿ `Also known as` ಅನ್ನೋ ಜಾಗ ಇದೆ. ಇನಿಶಿಯಲ್ ಹಿಂದೆ ಇರುವುದು, ಮುಂದೆ ಇರುವುದು, ಕನ್ನಡ ಲಿಪಿಯದ್ದು, ಎಲ್ಲವನ್ನೂ ಅಲ್ಲಿ ಸೇರಿಸಿ. ಸ್ಕಾಲರ್‌ನಲ್ಲಿ ಕಾಣದ ಲೇಖನವನ್ನು ನೀವೇ ಸೇರಿಸಬಹುದು. ಪರಿಚಯದಲ್ಲಿ ಲೇಖನದ ಹೆಸರು ಅಚ್ಚಾದ ಹಾಗೇ ಕನ್ನಡದಲ್ಲಿ ಇರಲಿ, ಪಕ್ಕದಲ್ಲಿ ORCID ಕೊಡಿ. ಅಕ್ಕಲಕೋಟೆಯವರಿಗೂ ಇದೇ ಉತ್ತರ. ಹಳೆ ಅಚ್ಚನ್ನು ತಿದ್ದೋಕೆ ಆಗಲ್ಲ, ಆದರೆ ಎರಡೂ ಹೆಸರು ಒಬ್ಬರದ್ದೇ ಅಂತ ತೋರಿಸಬಹುದು.

ಅಕ್ಕಲಕೋಟೆ_ಓದುಗ

ಇದು ಗೊತ್ತಿರಲಿಲ್ಲ, ನೋಡ್ತೀನಿ. ಆದರೂ ಪಿಎಚ್‌ಡಿ ಸರ್ಟಿಫಿಕೇಟಿನ ಹೆಸರು ಬೇರೆ ಇದ್ದರೆ ಆಫೀಸಿನವರು ಅಫಿಡವಿಟ್ ಕೇಳೇ ಕೇಳ್ತಾರೆ.

ಹಳೆ_ವಿದ್ಯಾರ್ಥಿ_ಪೆರ್ಲ

ಟೀಚರ್, ನಾನು ಪ್ರಾಜೆಕ್ಟ್ ಮಾಡಿದ್ದು ನಿಮ್ಮ ಹತ್ತಿರವೇ, ಹೆಸರು ಹೇಳಲ್ಲ. ಮಾರ್ಗದರ್ಶನದ ಸಾಲಿನಲ್ಲಿ ನೀವು ನಿಜವಾಗಿ ಏನು ಮಾಡಿಸಿದಿರೋ ಅದನ್ನು ಬರೆಯಿರಿ. ಅಜ್ಜನ ಮನೆಯ ಗೇಣಿ ಚೀಟಿನ ಫೋಟೋ ತೆಗೆದು ತಂದಾಗ ನೀವು ಮೊದಲು ಹೇಳಿದ್ದು, ಅರ್ಥ ಬರೆಯಬೇಡ, ಸಾಲಿಗೆ ಸಾಲು ಹಾಗೇ ಇಳಿಸು, ತಪ್ಪು ಕಂಡರೂ ತಿದ್ದಬೇಡ ಅಂತ. ನಾನು ಓದಲಾಗದ ಕಡೆ ಊಹಿಸಿ ತುಂಬಿಸಿದ್ದೆ. ನೀವು ಫೋಟೋದ ಸಾಲು ಎಣಿಸಿ, ನನ್ನ ಪ್ರತಿಯ ಸಾಲು ಎಣಿಸಿ, ಒಂದು ಸಾಲು ಕಮ್ಮಿ ಇದೆ ಅಂತ ತೋರಿಸಿದಿರಿ. ಆ ಬಿಟ್ಟು ಹೋದ ಸಾಲಿನಲ್ಲೇ ಗೇಣಿಯ ಅವಧಿ ಇತ್ತು. ಅದನ್ನು ಬಿಟ್ಟರೆ ನನ್ನ ಪ್ರಾಜೆಕ್ಟಿನ ತೀರ್ಮಾನವೇ ಉಲ್ಟಾ ಆಗ್ತಿತ್ತು.

ಉಪ್ಪಳದವ

ಇದು ಚೆನ್ನಾಗಿದೆ. ನಮ್ಮ ಗೈಡ್ ಯಾರೂ ಸಾಲು ಎಣಿಸಿದ್ದು ಇಲ್ಲ.

ಬದಿಯಡ್ಕ_ಕನ್ನಡ

ಖುಷಿಯಾಯಿತು ಓದಿ. ಮಕ್ಕಳಿಗೆ ಕಷ್ಟ ಆಗೋದು ಎರಡು ಕಡೆ. ಒಂದು ಮೋಡಿ ಕೈಬರಹ, ಅಕ್ಷರ ಅಕ್ಷರ ಜೋಡಿಸಿ ಎಳೆದಿರುತ್ತೆ. ಇನ್ನೊಂದು ಲೆಕ್ಕ. ರೂಪಾಯಿ, ಆಣೆ, ಪೈಗಳನ್ನು ಕನ್ನಡ ಅಂಕಿ ಮತ್ತು ಭಾಗದ ಗುರುತಿನಲ್ಲಿ ಬರೆದಿರ್ತಾರೆ. 1957ಕ್ಕಿಂತ ಮೊದಲಿನ ಪತ್ರದಲ್ಲಿ ರೂಪಾಯಿಗೆ 16 ಆಣೆ. ಈಗಿನ ಮಕ್ಕಳು ಅದನ್ನು ದಶಮಾಂಶ ಅಂತ ಓದಿ ಬಿಡ್ತಾರೆ. ತಪ್ಪು ಹಿಡಿಯೋಕೆ ಸುಲಭ ದಾರಿ, ಪತ್ರದಲ್ಲಿ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇದ್ದರೆ ಎರಡನ್ನೂ ಬೇರೆ ಬೇರೆ ಇಳಿಸಿ ಹೋಲಿಸೋದು. ಹೊಂದದಿದ್ದರೆ ಓದಿದ್ದು ಎಲ್ಲೋ ತಪ್ಪಿದೆ.

ಮಂಜೇಶ್ವರ_ನಿವೃತ್ತ

ಇದನ್ನೇ ಹಾಕಿ. "ಅನೇಕ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ" ಅನ್ನೋದಕ್ಕಿಂತ, ಮಕ್ಕಳು ಏನನ್ನು ಓದಿ ಏನು ಬರೆದರು ಅಂತ ಎರಡು ಪ್ರಾಜೆಕ್ಟಿನ ವಿಷಯ ಹೇಳಿದರೆ ಮುಂದಿನ ಬ್ಯಾಚಿನವರಿಗೆ ತಾನೇನು ಮಾಡಬಹುದು ಅಂತ ಗೊತ್ತಾಗುತ್ತೆ.

ಕುಂಬಳೆಯ_ಅಮ್ಮ

ಒಂದು ಅನುಮಾನ. ಪ್ರಾಜೆಕ್ಟಿನ ವಿಷಯ ಹಾಕುವಾಗ ಮನೆಯ ಹೆಸರು, ಸರ್ವೆ ನಂಬರ್ ಬಂದರೆ? ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇನ್ನೂ ಪಾಲಿನ ಕೇಸು ನಡೀತಾ ಇದೆ.

ಹಳೆ_ವಿದ್ಯಾರ್ಥಿ_ಪೆರ್ಲ

ನಮ್ಮ ಮನೆಯಲ್ಲೂ ದೊಡ್ಡಪ್ಪ ಅದನ್ನೇ ಕೇಳಿದ್ದು. ಪ್ರಾಜೆಕ್ಟಿನಲ್ಲಿ ಹೆಸರು ತೆಗೆದಿದ್ದೆವು, ಗ್ರಾಮದ ಹೆಸರು ಮಾತ್ರ ಇತ್ತು. ಆದರೆ ಸಣ್ಣ ಗ್ರಾಮದಲ್ಲಿ ವರ್ಗದಾರರ ಮನೆ ಒಂದೋ ಎರಡೋ, ಹೆಸರು ಹಾಕದಿದ್ದರೂ ಯಾರದು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಬದಿಯಡ್ಕ_ಕನ್ನಡ

ಹೌದು, ಅದು ದೊಡ್ಡ ವಿಷಯ. ಪರಿಚಯದಲ್ಲಿ ಗ್ರಾಮವೂ ಬೇಡ, ತಾಲೂಕು ಸಾಕು ಅಂತ ನಿರ್ಧಾರ ಮಾಡಿದೆ. ಎಲ್ಲರ ಮಾತು ಸೇರಿಸಿ ಹೊಸದಾಗಿ ಬರೆದಿದ್ದೇನೆ, ನೋಡಿ:

"ಬಿಎ ಕನ್ನಡ ಮೇಜರ್ ವಿದ್ಯಾರ್ಥಿಗಳಿಗೆ ಹಳಗನ್ನಡ ಕಾವ್ಯ ಮತ್ತು ಕನ್ನಡ ಭಾಷೆಯ ಚರಿತ್ರೆ ಪಾಠ ಮಾಡುತ್ತೇನೆ. ಬಿಕಾಂ, ಬಿಎಸ್ಸಿ ಮೊದಲ ವರ್ಷದವರಿಗೆ ಕನ್ನಡ ಭಾಷಾ ಕೋರ್ಸ್ ಕಲಿಸುತ್ತೇನೆ. ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ವಿಭಾಗದಲ್ಲಿ ಸಿಗುತ್ತೇನೆ, ಕನ್ನಡದಲ್ಲಿ, ತುಳುವಿನಲ್ಲಿ ಅಥವಾ ಮಲಯಾಳದಲ್ಲಿ ಕೇಳಬಹುದು.

1956ಕ್ಕಿಂತ ಮೊದಲಿನ ಕಾಸರಗೋಡು ತಾಲೂಕಿನ ಗೇಣಿ ಪತ್ರಗಳು ಒಕ್ಕಲಿನ ಹಕ್ಕನ್ನು ಯಾವ ಕನ್ನಡದಲ್ಲಿ ಹೇಳುತ್ತವೆ ಎಂಬುದು ನನ್ನ ಸಂಶೋಧನೆ. ಪಿಎಚ್‌ಡಿಯೂ ಇದರ ಮೇಲೆಯೇ. ಜರ್ನಲ್ ಲೇಖನ ಎರಡು, ಪುಸ್ತಕದ ಅಧ್ಯಾಯ ಒಂದು. ಮನೆಯಲ್ಲಿರುವ ಹಳೆ ಪತ್ರ ಓದಿಸಿಕೊಳ್ಳಬೇಕಾದವರು ತರಬಹುದು.

ಬಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ಗಳಿಗೆ ಮಾರ್ಗದರ್ಶನ ಮಾಡುತ್ತೇನೆ. ವಿದ್ಯಾರ್ಥಿಗಳು ಮೋಡಿ ಬರಹದ ಪತ್ರವನ್ನು ಸಾಲಿಗೆ ಸಾಲು ಇಳಿಸಿ, ಅದರ ಪದಗಳ ಅರ್ಥವನ್ನು ಮನೆಯ ಹಿರಿಯರಿಂದ ಕೇಳಿ ದಾಖಲಿಸುತ್ತಾರೆ. ಈವರೆಗಿನ ವಿಷಯಗಳು: ಮೂಲಗೇಣಿ ಮತ್ತು ಚಾಲಗೇಣಿ ಪತ್ರಗಳ ಷರತ್ತಿನ ವಾಕ್ಯಗಳು, ಗೇಣಿ ಚೀಟುಗಳಲ್ಲಿ ಅಳತೆಯ ಪದಗಳು."

ಉಪ್ಪಳದವ

ತುಂಬ ಚೆನ್ನಾಗಿ ಬಂದಿದೆ ಟೀಚರೇ. ಆದರೆ "ಮಾಡುತ್ತೇನೆ" ಅಂತ ನಾನು, ನನ್ನ ಅಂತ ಇದ್ದರೆ ಕಾಲೇಜಿನವರು ಒಪ್ತಾರಾ? ಎಲ್ಲರದೂ "ಇವರು" ಅಂತ ಇರುತ್ತೆ.

ಮಂಜೇಶ್ವರ_ನಿವೃತ್ತ

ಒಪ್ಪದಿದ್ದರೆ "ಮಾಡುತ್ತಾರೆ" ಅಂತ ಬದಲಾಯಿಸಿದರೆ ಆಯಿತು, ವಿಷಯ ಹೋಗಲ್ಲ. ನನ್ನ ಆಕ್ಷೇಪ ಇರೋದು ಬೇರೆ ಕಡೆ. "ಹಳೆ ಪತ್ರ ಓದಿಸಿಕೊಳ್ಳಬೇಕಾದವರು ತರಬಹುದು" ಅಂತ ಹಾಕಿದರೆ ಕೇಸಿನವರು ವಕೀಲರ ಸಮೇತ ಬರ್ತಾರೆ. ನೀವು ಓದಿ ಹೇಳಿದ್ದನ್ನು ಕೋರ್ಟಿನಲ್ಲಿ ತಜ್ಞರ ಅಭಿಪ್ರಾಯ ಅಂತ ಎಳೆಯಬಹುದು. ಆ ಸಾಲು ತೆಗೆಯಿರಿ.

ಬದಿಯಡ್ಕ_ಕನ್ನಡ

ಮೇಷ್ಟ್ರೇ, ಅದು ಒಂದನ್ನು ತೆಗೆಯೋಕೆ ಮನಸ್ಸಿಲ್ಲ. ಓದಬಲ್ಲ ಹಿರಿಯರು ಹೋಗ್ತಾ ಇದ್ದಾರೆ, ಕಾಗದ ಗೆದ್ದಲು ತಿಂದು ಹೋಗ್ತಾ ಇದೆ. ಜನ ತಾವಾಗಿ ತರದಿದ್ದರೆ ನಮಗೆ ಹೊಸ ಪತ್ರ ಸಿಗೋದು ಎಲ್ಲಿಂದ? "ಅಧ್ಯಯನಕ್ಕಾಗಿ ಮಾತ್ರ" ಅಂತ ಸೇರಿಸಿದರೆ ಸಾಲದಾ?

ಮಂಜೇಶ್ವರ_ನಿವೃತ್ತ

ಹಾಗೆ ಬರೆದದ್ದನ್ನು ಓದಿ ನಿಲ್ಲುವವರು ಕಮ್ಮಿ. ಆದರೂ ನಿಮ್ಮ ಮಾತೂ ತಳ್ಳಿ ಹಾಕುವಂಥದ್ದಲ್ಲ. ಪ್ರಿನ್ಸಿಪಾಲರ ಹತ್ತಿರ ಒಂದು ಮಾತು ಕೇಳಿ ಹಾಕಿ.

ಕುಂಬಳೆಯ_ಅಮ್ಮ

ಸಾಲು ಇಟ್ಟರೆ ನಾನಂತೂ ತರ್ತೇನೆ. ಅತ್ತೆಯ ತವರಿನ ಒಂದು ಕಟ್ಟು ಇದೆ, ಮೇಲಿನ ಹಾಳೆಯಲ್ಲಿ "ಚಾಲ" ಅಂತ ಅಷ್ಟೇ ಓದೋಕೆ ಆಗ್ತದೆ, ಮುಂದಿನ ಅಕ್ಷರ ಹರಿದಿದೆ. ಬುಧವಾರ ಎಷ್ಟು ಗಂಟೆಗೆ ಬಂದರೆ ಸಿಗ್ತೀರಿ?

ಬದಿಯಡ್ಕ_ಕನ್ನಡ

ಎರಡು ಗಂಟೆಯ ಮೇಲೆ ಬನ್ನಿ ಅಕ್ಕ. ಕಾಗದ ಮಡಚಿ ತರಬೇಡಿ, ಎರಡು ರಟ್ಟಿನ ಮಧ್ಯೆ ಇಟ್ಟು ತನ್ನಿ. ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ.